ಎದೆಯ ಮೇಲಿನ ಹೆಸರು: ಕಸೂತಿ ಲೋಗೊ ಅಳಿಸಿದ ಒಂದು ಪ್ರಕರಣ

ಒಂದು ತರಬೇತಿ ಕೈಪಿಡಿಗೆ ಬೇಕಾಗಿದ್ದ ಚಿತ್ರ ಅದು. ಯಂತ್ರವೊಂದರ ಬಿಡಿಭಾಗವನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು ಒಬ್ಬ ಮಹಿಳೆ ವಿವರಿಸುತ್ತಿದ್ದಾರೆ. ಬೆಳಕು ಎಡಗಡೆಯ ಕಿಟಕಿಯಿಂದ ಬಂದಿದೆ, ಕೈಗಳ ಭಂಗಿ ಸ್ಪಷ್ಟವಾಗಿದೆ, ಹೇಳಬೇಕಾದ್ದನ್ನೆಲ್ಲ ಚಿತ್ರವೇ ಹೇಳುತ್ತದೆ. ತೊಂದರೆ ಇದ್ದದ್ದು ಅಂಗಿಯಲ್ಲಿ. ಕಡುನೀಲಿ ಬಣ್ಣದ ಕಾಲರ್ ಟೀ-ಶರ್ಟಿನ ಎದೆಯ ಮೇಲೆ ಅವರು ಕೆಲಸ ಮಾಡುವ ಸಂಸ್ಥೆಯ ಹೆಸರು ಬಿಳಿ ದಾರದ ಕಸೂತಿಯಲ್ಲಿತ್ತು. ಮುಖ ಕಾಣಿಸಲು ಅವರ ಅಭ್ಯಂತರ ಇರಲಿಲ್ಲ, ಎಲ್ಲಿ ಕೆಲಸ ಮಾಡುತ್ತೇನೆ ಎಂಬುದು ಮಾತ್ರ ಗೊತ್ತಾಗಬಾರದು ಎಂದಿದ್ದರು. ಚಿತ್ರ ಎರಡು ರೂಪದಲ್ಲಿ ಹೊರಬರಬೇಕಿತ್ತು: ಮುದ್ರಣಕ್ಕೆ 2000 ಪಿಕ್ಸೆಲ್ ಅಗಲ, ಜಾಲತಾಣಕ್ಕೆ 900 ಪಿಕ್ಸೆಲ್ ಅಗಲ.

ಮೂಲ ಕಡತ 6000×4000 ಪಿಕ್ಸೆಲಿನ ಜೆಪೆಗ್. ಅದರಲ್ಲಿ ಲೋಗೊ ಸುಮಾರು 420 ಪಿಕ್ಸೆಲ್ ಅಗಲ, 160 ಪಿಕ್ಸೆಲ್ ಎತ್ತರ. ಬಟ್ಟೆ ಪೀಕೆ ಹೆಣಿಗೆಯದು, ಅಂದರೆ ಹತ್ತಿರದಿಂದ ನೋಡಿದರೆ ಜೇನುಗೂಡಿನಂತೆ ಸಣ್ಣ ಸಣ್ಣ ಗುಳಿಗಳ ಸಾಲು. ಪ್ರತಿ ಗುಳಿ ಚಿತ್ರದಲ್ಲಿ ಹೆಚ್ಚುಕಡಿಮೆ 8 ಪಿಕ್ಸೆಲ್. ಈ ಒಂದು ಅಂಕಿಯನ್ನು ಮೊದಲೇ ಅಳೆದಿಟ್ಟುಕೊಳ್ಳಬೇಕು. ಮುಂದೆ ಎಷ್ಟು ಮಸುಕು ಕೊಡಬೇಕು, ತೇಪೆಯನ್ನು ಎಷ್ಟು ಜರುಗಿಸಬೇಕು, ಚಿತ್ರ ಕುಗ್ಗಿಸಿದಾಗ ಏನಾಗುತ್ತದೆ ಎಂಬುದೆಲ್ಲ ಅದರ ಮೇಲೇ ನಿಂತಿದೆ. ಇದಲ್ಲದೆ ತೋಳಿನ ಬುಡದಿಂದ ಹೊರಟ ಒಂದು ಮಡಿಕೆ ಓರೆಯಾಗಿ ಇಳಿದು, ಹೆಸರಿನ ಕೊನೆಯ ಎರಡು ಅಕ್ಷರಗಳ ಮೇಲೆ ಹಾದು ಹೊಟ್ಟೆಯ ಕಡೆಗೆ ಹೋಗಿತ್ತು.

ಕತ್ತರಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜವಾಗಿಯೇ ಬಂತು. ಲೋಗೊ ಹೊರಗುಳಿಯುವಂತೆ ಕತ್ತರಿಸಿದರೆ ಕೈಗಳೂ ಹೋಗುತ್ತಿದ್ದವು, ಕೈಗಳಿಲ್ಲದಿದ್ದರೆ ಆ ಚಿತ್ರಕ್ಕೆ ಅರ್ಥವೇ ಇರಲಿಲ್ಲ. ಮಸುಕು ಮಾಡುವುದು ಸುದ್ದಿಚಿತ್ರಕ್ಕಾದರೆ ಸರಿಯಾದ ದಾರಿ, ಏಕೆಂದರೆ ಅಲ್ಲಿ ಏನನ್ನೋ ಮರೆಮಾಡಿದ್ದೇವೆ ಎಂದು ಓದುಗರಿಗೆ ಕಾಣಬೇಕು. ಸುದ್ದಿಗೆ ಬಳಸುವ ಚಿತ್ರದಲ್ಲಿ ಇಲ್ಲಿ ಹೇಳಿರುವ ಕೆಲಸವನ್ನು ಮಾಡಲೇಬಾರದು. ಕೈಪಿಡಿಯ ವಿಷಯ ಬೇರೆ, ಅಲ್ಲಿ ಎದೆಯ ಮೇಲೊಂದು ಮಬ್ಬು ಚೌಕವಿದ್ದರೆ ಓದುಗರ ಕಣ್ಣು ಯಂತ್ರದ ಭಾಗವನ್ನು ಬಿಟ್ಟು ಅಲ್ಲಿಗೇ ಹೋಗುತ್ತದೆ. ಜೊತೆಗೆ, ದೊಡ್ಡ ಅಕ್ಷರಗಳಿಗೆ ಕೊಟ್ಟ ಸಣ್ಣ ಮಸುಕು ಏನನ್ನೂ ಮುಚ್ಚುವುದಿಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ, ಇಲ್ಲವೇ ಚಿತ್ರವನ್ನು ಚಿಕ್ಕದಾಗಿಸಿದರೆ ಪದ ಮತ್ತೆ ಓದಲು ಸಿಗುತ್ತದೆ. ಹೀಗಾಗಿ ಲೋಗೊವನ್ನು ಪೂರ್ತಿ ತೆಗೆದು, ಅಲ್ಲಿ ಬರಿಯ ಬಟ್ಟೆ ಇರುವಂತೆ ಮಾಡುವುದೆಂದು ತೀರ್ಮಾನವಾಯಿತು. ಚಿತ್ರ ತಿದ್ದಲಾಗಿದೆ ಎಂಬುದನ್ನು ಆ ಮಹಿಳೆಗೂ ಕೈಪಿಡಿಯ ಸಂಪಾದಕಿಗೂ ಬರಹದಲ್ಲಿ ತಿಳಿಸಲಾಯಿತು.

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ. ಲೋಗೊದ ಅಂಚಿಗೆ ಸರಿಯಾಗಿ ಆಯ್ಕೆ ಎಳೆದು ಫೋಟೊಶಾಪಿನ Content-Aware Fill ಕೊಡಲಾಯಿತು. ಅಕ್ಷರಗಳೇನೋ ಹೋದವು. ಆದರೆ ಈ ಉಪಕರಣ ಸುತ್ತಲಿನಿಂದ ತುಣುಕುಗಳನ್ನು ಆರಿಸಿ ತಂದು ಜೋಡಿಸುತ್ತದೆ. ಹುಲ್ಲು, ಮರಳು, ಗೋಡೆಯ ಗಾರೆಗೆ ಇದು ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಅವುಗಳಲ್ಲಿ ಕ್ರಮವಿಲ್ಲ. ಹೆಣಿಗೆಯಲ್ಲಿ ಸಾಲುಗಳಿವೆ. ಒಂದು ತುಣುಕಿನ ಸಾಲು ಪಕ್ಕದ ತುಣುಕಿನ ಸಾಲಿಗೆ ಮೂರು ಪಿಕ್ಸೆಲ್ ತಪ್ಪಿ ಕೂತರೂ ಬಟ್ಟೆ ಹರಿದು ಹೊಲಿದಂತೆ ಕಾಣುತ್ತದೆ. ಇಲ್ಲಿ ಅಂಥ ಜಾಗಗಳು ಐದಾರು ಇದ್ದವು. ಅವುಗಳನ್ನು ಸರಿಪಡಿಸಲು ಹೀಲಿಂಗ್ ಬ್ರಷ್ ಹಿಡಿದಾಗ ಇನ್ನೊಂದು ತೊಂದರೆ ಎದುರಾಯಿತು. ಈ ಬ್ರಷ್ ಹೆಣಿಗೆಯನ್ನು ಮೂಲಜಾಗದಿಂದ ತರುತ್ತದೆ, ಬಣ್ಣ ಮತ್ತು ಬೆಳಕನ್ನು ಮಾತ್ರ ಎಳೆದ ಗೆರೆಯ ಅಂಚಿನಿಂದ ತೆಗೆದುಕೊಳ್ಳುತ್ತದೆ. ಅಂಚಿನಲ್ಲಿ ಬಿಳಿ ದಾರದ ಒಂದು ಎಳೆ ಉಳಿದಿದ್ದರೂ ಸಾಕು, ಆ ಬಿಳುಪು ಒಳಗೆಲ್ಲ ಹರಡಿ ನೀಲಿಯ ಮೇಲೆ ಹಾಲು ಚೆಲ್ಲಿದಂಥ ಕಲೆಯಾಗುತ್ತದೆ.

ಎರಡನೆಯ ಪ್ರಯತ್ನದಲ್ಲಿ ಬೆಳಕನ್ನೂ ಹೆಣಿಗೆಯನ್ನೂ ಬೇರೆ ಬೇರೆ ಲೇಯರಿಗೆ ಹಾಕಲಾಯಿತು. ಇಂಥ ಬಟ್ಟೆಗೆ ಇದೇ ಸರಿಯಾದ ದಾರಿ. ಚಿತ್ರದ ಎರಡು ಪ್ರತಿ ಮಾಡಿ, ಕೆಳಗಿನದಕ್ಕೆ ಗುಳಿಗಳು ಪೂರ್ತಿ ಕರಗುವಷ್ಟು Gaussian Blur ಕೊಡಬೇಕು. ಗುಳಿ 8 ಪಿಕ್ಸೆಲ್ ಇದ್ದುದರಿಂದ ಇಲ್ಲಿ 10 ಪಿಕ್ಸೆಲ್ ತ್ರಿಜ್ಯ ಸಾಕಾಯಿತು. ಆಮೇಲೆ ಮೇಲಿನ ಪ್ರತಿಯಿಂದ ಕೆಳಗಿನದನ್ನು ಕಳೆಯಬೇಕು. ಆಗ ಕೆಳಗಿನದರಲ್ಲಿ ಬೆಳಕು ಮತ್ತು ಬಣ್ಣ, ಮೇಲಿನದರಲ್ಲಿ ಹೆಣಿಗೆ ಉಳಿಯುತ್ತದೆ. ಫೋಟೊಶಾಪಿನಲ್ಲಿ 8 ಬಿಟ್ ಚಿತ್ರಕ್ಕೆ ಅದರ ಲೆಕ್ಕ ಹೀಗಿದೆ:

```
Image > Apply Image
Layer: ಕೆಳಗಿನ ಪ್ರತಿ
Blending: Subtract   Scale: 2   Offset: 128
ಮೇಲಿನ ಲೇಯರಿನ ಮೋಡ್: Linear Light
```

ಗಿಂಪಿನಲ್ಲಾದರೆ Grain extract ಮತ್ತು Grain merge ಮೋಡುಗಳು ಇದೇ ಕೆಲಸ ಮಾಡುತ್ತವೆ. ಎರಡೂ ಲೇಯರ್ ಸೇರಿದಾಗ ಚಿತ್ರ ಮೊದಲಿದ್ದಂತೆಯೇ ಕಾಣಬೇಕು. ಕಾಣದಿದ್ದರೆ ಎಲ್ಲೋ ಅಂಕಿ ತಪ್ಪಿದೆ ಎಂದರ್ಥ, ಅಲ್ಲೇ ನಿಂತು ಸರಿಮಾಡಿಕೊಳ್ಳಬೇಕು.

ಹೀಗೆ ಬೇರ್ಪಡಿಸಿ, ಕೆಳಗಿನ ಲೇಯರಿನಲ್ಲಿ ಬಿಳಿ ಅಕ್ಷರಗಳ ಮಬ್ಬನ್ನು ಸುತ್ತಲಿನ ನೀಲಿಯಿಂದ ಮುಚ್ಚಿ, ಮೇಲಿನ ಲೇಯರಿನಲ್ಲಿ ಕ್ಲೋನ್ ಸ್ಟ್ಯಾಂಪಿನಿಂದ ಗುಳಿಗಳನ್ನು ತುಂಬಲಾಯಿತು. ನೂರಕ್ಕೆ ನೂರು ಗಾತ್ರದಲ್ಲಿ ನೋಡಿದರೆ ಒಂದು ಕುಂದೂ ಕಾಣಲಿಲ್ಲ. ಕೆಲಸ ಮುಗಿಯಿತೆಂದು ಚಿತ್ರ ತಿದ್ದುತ್ತಿದ್ದವರು 900 ಪಿಕ್ಸೆಲಿನ ಪ್ರತಿಯನ್ನು ಒಪ್ಪಿಗೆಗೆ ಕಳಿಸಿದರು. ಆ ಮಹಿಳೆ ಅದನ್ನು ಫೋನಿನಲ್ಲಿ ನೋಡಿ ಸಂಪಾದಕಿಗೆ ಹೇಳಿದ ಮಾತು ಇಡೀ ಕೆಲಸದ ದಿಕ್ಕನ್ನು ಬದಲಿಸಿತು: "ಹೆಸರು ಹೋಗಿದೆ ಮೇಡಂ, ಆದ್ರೆ ಅಲ್ಲಿ ಏನೋ ಇತ್ತು ಅಂತ ಗೊತ್ತಾಗ್ತಿದೆ. ನಮ್ಮವರು ನೋಡಿದ್ರೆ ಏನಿತ್ತು ಅಂತಾನೂ ಹೇಳ್ತಾರೆ."

ಅವರು ಹೇಳಿದ್ದು ನಿಜ. ಚಿತ್ರವನ್ನು ಚಿಕ್ಕದು ಮಾಡಿ ನೋಡಿದಾಗ ಎದೆಯ ಮೇಲೆ ತೆಳುವಾದ ಆಯತವೊಂದು ತೇಲುತ್ತಿತ್ತು. ಚಿತ್ರ ತಿದ್ದುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ದೊಡ್ಡದಾಗಿಸಿ ನೋಡುವಾಗ ಕಣ್ಣು ಗುಳಿಗಳನ್ನು ನೋಡುತ್ತದೆ, ಚಿಕ್ಕದಾದಾಗ ಗುಳಿಗಳು ಮಾಯವಾಗಿ ಬೆಳಕಿನ ಏರಿಳಿತ ಮಾತ್ರ ಉಳಿಯುತ್ತದೆ. 255ರಲ್ಲಿ ಮೂರು ನಾಲ್ಕು ಅಂಶದಷ್ಟು ಹೆಚ್ಚಿನ ಬೆಳಕು ಗುಳಿಗಳ ನಡುವೆ ಅಡಗಿರುತ್ತದೆ, ನಯವಾದ ನೀಲಿಯ ಮೇಲೆ ಮಾತ್ರ ಎದ್ದು ಕಾಣುತ್ತದೆ. ಎಲ್ಲಕ್ಕೂ ಮೇಲೆ, ಬೆಳಕಿನ ಸಣ್ಣ ವ್ಯತ್ಯಾಸವನ್ನೂ ಹಿಗ್ಗಿಸಿ ತೋರಿಸುವ, ಬಹಳ ಕಡಿದಾದ ಎಸ್ ಆಕಾರದ Curves ಲೇಯರ್ ಹಾಕಿದಾಗ ಆಯತ ಅಂಚು ಸಮೇತ ಸ್ಪಷ್ಟವಾಯಿತು. ಈ ಪರೀಕ್ಷಾ ಲೇಯರನ್ನು ಕೆಲಸದ ಮೊದಲಿನಿಂದಲೇ ಮೇಲಿಟ್ಟುಕೊಂಡು ಆಗಾಗ ತೆರೆದು ಮುಚ್ಚುತ್ತಿದ್ದರೆ ಆ ಪ್ರತಿ ಹೊರಗೆ ಹೋಗುತ್ತಲೇ ಇರಲಿಲ್ಲ.

ಆಯತ ಉಳಿದದ್ದೇಕೆ ಎಂದು ಹುಡುಕಿದಾಗ ಎರಡು ಕಾರಣ ಸಿಕ್ಕವು.

ಒಂದು, ಬೇರ್ಪಡಿಸುವ ಹೊತ್ತಿಗೆ ಲೋಗೊ ಇನ್ನೂ ಚಿತ್ರದಲ್ಲೇ ಇತ್ತು. 10 ಪಿಕ್ಸೆಲ್ ತ್ರಿಜ್ಯದ ಮಸುಕು ಬಿಳುಪನ್ನು 10 ಪಿಕ್ಸೆಲಿಗೇ ನಿಲ್ಲಿಸುವುದಿಲ್ಲ, ಅದರ ಬಾಲ 25ರಿಂದ 30 ಪಿಕ್ಸೆಲಿನವರೆಗೆ ಹರಿಯುತ್ತದೆ. ಹೀಗಾಗಿ ಕೆಳಗಿನ ಲೇಯರಿನಲ್ಲಿ ಅಕ್ಷರಗಳ ಸುತ್ತ ಬೆಳ್ಳನೆಯ ಪ್ರಭೆ ಇತ್ತು, ಅದಕ್ಕೆ ಸಮನಾದ ಕಪ್ಪು ಅಂಚು ಮೇಲಿನ ಲೇಯರಿನಲ್ಲಿತ್ತು. ಎರಡೂ ಜೊತೆಗಿದ್ದಾಗ ಒಂದನ್ನೊಂದು ಹೊಡೆದುಹಾಕುತ್ತವೆ. ಮೇಲಿನದನ್ನು ಕ್ಲೋನ್ ಮಾಡಿ ಬದಲಿಸಿದ ಕೂಡಲೇ ಕೆಳಗಿನ ಪ್ರಭೆ ಒಂಟಿಯಾಗಿ ಉಳಿಯಿತು.

ಎರಡನೆಯದು ಬಟ್ಟೆಯಲ್ಲೇ ಇತ್ತು, ಹೆಚ್ಚು ಮುಖ್ಯವಾದದ್ದೂ ಅದೇ. ಕಸೂತಿ ಹಾಕುವಾಗ ಹೆಣೆದ ಬಟ್ಟೆ ಎಳೆದುಕೊಳ್ಳದಿರಲಿ ಎಂದು ಹಿಂದೆ ಗಟ್ಟಿ ಪದರವೊಂದನ್ನು ಇಟ್ಟು ಹೊಲಿಯುತ್ತಾರೆ. ಆಮೇಲೆ ಅದನ್ನು ಅಕ್ಷರಗಳ ಸುತ್ತ ಸ್ವಲ್ಪ ಬಿಟ್ಟು ಕತ್ತರಿಸುತ್ತಾರೆ. ಆದ್ದರಿಂದ ಲೋಗೊ ಇರುವ ಜಾಗ ಅಂಗಿಯ ಉಳಿದ ಭಾಗದಂತೆ ಬಾಗುವುದಿಲ್ಲ, ಸಣ್ಣ ಹಲಗೆ ಇಟ್ಟಂತೆ ಸಪಾಟಾಗಿರುತ್ತದೆ. ಹೊಲಿಗೆಯ ಬಿಗಿತಕ್ಕೆ ಸುತ್ತಲಿನ ಗುಳಿಗಳು ಅಕ್ಷರದ ಕಡೆಗೆ ಜಗ್ಗಿ, ಸಣ್ಣ ಸಣ್ಣ ಸುಕ್ಕುಗಳು ಕಿರಣಗಳಂತೆ ಹೊರಡುತ್ತವೆ. ಈ ಚಿತ್ರದಲ್ಲಿ ಅವು ಅಕ್ಷರದಿಂದ ಸುಮಾರು 25 ಪಿಕ್ಸೆಲ್ ದೂರದವರೆಗೆ ಇದ್ದವು. ತೋಳಿನಿಂದ ಬಂದ ಮಡಿಕೆಯೂ ಆ ಹಲಗೆಯ ಮೇಲಂಚಿನಲ್ಲಿ ತಡೆದು, ಕೊಂಚ ಬಲಕ್ಕೆ ಹೊರಳಿ, ಕೊನೆಯ ಅಕ್ಷರಗಳ ಮೇಲೆ ಚಪ್ಪಟೆಯಾಗಿ ಹಾದು, ಕೆಳಂಚು ದಾಟಿದ ಮೇಲೆ ಮತ್ತೆ ತನ್ನ ಆಳಕ್ಕೆ ಇಳಿದಿತ್ತು. ದಾರವನ್ನು ಮಾತ್ರ ಅಳಿಸಿದ್ದರಿಂದ ದಾರ ಬಟ್ಟೆಗೆ ಮಾಡಿದ್ದೆಲ್ಲ ಹಾಗೆಯೇ ಉಳಿದುಹೋಗಿತ್ತು. ಆ ಅಂಗಿಯನ್ನು ದಿನವೂ ನೋಡುವವರಿಗೆ ಆ ಸುಕ್ಕುಗಳ ಆಕಾರವೇ ಹೆಸರು ಹೇಳುತ್ತಿತ್ತು.

ಮೂರನೆಯ ಸುತ್ತಿನಲ್ಲಿ ಕೆಲಸದ ಎಲ್ಲೆಯನ್ನೇ ಬದಲಿಸಲಾಯಿತು. ಲೋಗೊದ ಅಂಚಿನಿಂದ ಎಡಕ್ಕೂ ಬಲಕ್ಕೂ 35 ಪಿಕ್ಸೆಲ್, ಮಡಿಕೆ ಹೊರಳಿದ್ದರಿಂದ ಮೇಲಕ್ಕೂ ಕೆಳಕ್ಕೂ 60 ಪಿಕ್ಸೆಲ್ ಸೇರಿಸಿ, ಅಷ್ಟೂ ಜಾಗವನ್ನು ಹೊಸದಾಗಿ ಕಟ್ಟುವುದೆಂದಾಯಿತು. ಕ್ರಮವೂ ತಿರುಗಿತು. ಬೇರ್ಪಡಿಸುವ ಮುಂಚೆಯೇ ಆ ಇಡೀ ಪ್ರದೇಶವನ್ನು Content-Aware Fill ಕೊಟ್ಟು ಒರಟಾಗಿ ತುಂಬಿದರು. ಮೊದಲ ಪ್ರಯತ್ನದಲ್ಲಿ ಸೋತ ಉಪಕರಣವೇ ಇಲ್ಲಿ ಕೆಲಸಕ್ಕೆ ಬಂತು. ಗುಳಿಗಳ ಸಾಲು ತಪ್ಪಿದರೂ ಚಿಂತೆಯಿಲ್ಲ, ಮುಂದೆ ಅವನ್ನು ಹೇಗೂ ಬದಲಿಸುವುದಿದೆ. ಈ ಹಂತದಲ್ಲಿ ಬೇಕಾದದ್ದು ಬಿಳಿ ಇಲ್ಲದ ನೀಲಿ ಮಾತ್ರ. ಅನಂತರ ಬೇರ್ಪಡಿಸಿದಾಗ ಪ್ರಭೆಯ ಸುಳಿವೇ ಇರಲಿಲ್ಲ.

ಕೆಳಗಿನ ಲೇಯರಿನಲ್ಲಿ ಕಷ್ಟವಿದ್ದದ್ದು ಮಡಿಕೆಯದ್ದು. ಕಿಟಕಿಯ ಕಡೆಯಿಂದ ದೂರ ಸರಿದಂತೆ ಬಟ್ಟೆಯ ಬೆಳಕು 255ರ ಅಳತೆಯಲ್ಲಿ 70ರಿಂದ 54ಕ್ಕೆ ನಿಧಾನವಾಗಿ ಇಳಿಯುತ್ತಿತ್ತು. ಅಷ್ಟನ್ನು 30 ಪಿಕ್ಸೆಲ್ ಮೃದು ಅಂಚಿನ ಆಯ್ಕೆ ಎಳೆದು, ಒಳಗೆ ಮಸುಕು ಕೊಟ್ಟೇ ಸರಿಹೊಂದಿಸಬಹುದು. ಮಡಿಕೆಗೆ ಮಸುಕು ಕೊಟ್ಟರೆ ಅದು ಸತ್ತುಹೋಗುತ್ತದೆ. ಅದನ್ನು ಕೈಯಿಂದಲೇ ಬರೆಯಬೇಕು. ಲೋಗೊದ ಮೇಲೆ ಮತ್ತು ಕೆಳಗೆ ಮಡಿಕೆ ಸಹಜವಾಗಿರುವ ಎರಡು ಜಾಗ ಗುರುತಿಸಿ, ಅಲ್ಲಿನ ಏಣಿನ ಬೆಳಕು 96, ತಗ್ಗಿನ ನೆರಳು 38 ಎಂದು ಅಳೆದುಕೊಂಡರು. ಮೃದು ಬ್ರಷ್, ಶೇಕಡ 10ರ ಅಪಾರದರ್ಶಕತೆ. ಮೊದಲು ನೆರಳು, ಆಮೇಲೆ ಬೆಳಕು, ಮೇಲಿನ ತುದಿಯಿಂದ ಕೆಳಗಿನ ತುದಿಗೆ ಒಂದೇ ಬೀಸಿನಲ್ಲಿ, ಎಂಟು ಹತ್ತು ಸಲ. ಮಡಿಕೆಯ ಎರಡೂ ಬದಿ ಒಂದೇ ತರ ಇರುವುದಿಲ್ಲ ಎಂಬುದನ್ನು ಮರೆಯಬಾರದು: ಬೆಳಕಿಗೆ ಮುಖ ಮಾಡಿದ ಬದಿ ನಿಧಾನವಾಗಿ ಇಳಿಯುತ್ತದೆ, ಆಚೆ ಬದಿ ಥಟ್ಟನೆ ಕತ್ತಲಾಗುತ್ತದೆ. ಎರಡೂ ಬದಿಯನ್ನು ಸಮನಾಗಿ ಮೃದುಮಾಡಿದರೆ ಬಟ್ಟೆಯ ಕೆಳಗೆ ಕೊಳವೆ ಇಟ್ಟಂತೆ ಕಾಣುತ್ತದೆ.

ಈಗ ಗುಳಿಗಳು. ಎದೆಯ ಇನ್ನೊಂದು ಬದಿಯಿಂದ ತರೋಣವೆಂದು ಮೊದಲು ಅನಿಸುವುದುಂಟು. ಅಲ್ಲಿ ದೇಹದ ತಿರುವು ಬೇರೆ, ಸಾಲುಗಳ ಓರೆ ಬೇರೆ, ಗುಳಿಗಳ ನೆರಳು ಬೀಳುವ ದಿಕ್ಕೂ ಬೇರೆ. ಅದೇ ಉದ್ದಸಾಲಿನಲ್ಲಿ ಲೋಗೊದ ನೇರ ಕೆಳಗಿರುವ ಬಟ್ಟೆಯೇ ಒಳ್ಳೆಯ ಮೂಲ. ಮೇಲಿನ ಲೇಯರಿನಿಂದ 520×300 ಪಿಕ್ಸೆಲಿನ ತುಂಡನ್ನು ಹೊಸ ಲೇಯರಿಗೆ ತೆಗೆದುಕೊಂಡು ಲೋಗೊದ ಜಾಗದ ಮೇಲೆ ಇಟ್ಟರು. ಅದನ್ನು ಕೂಡಿಸುವ ವಿಧಾನ ಕಲಿಯಬೇಕಾದ್ದು. ಸ್ವಲ್ಪ ಹೊತ್ತಿಗೆ ಮೇಲಿನ ಲೇಯರಿನ ಮೋಡನ್ನು Normal, ತುಂಡಿನ ಮೋಡನ್ನು Difference ಮಾಡಿ, ಬೂದು ಬಣ್ಣದ ವ್ಯತ್ಯಾಸ ತೀರಾ ಸಣ್ಣದಾದ್ದರಿಂದ ಮೇಲೊಂದು Levels ಲೇಯರ್ ಹಾಕಿ ಹಿಗ್ಗಿಸಬೇಕು. ಮೂಲ ಬಟ್ಟೆಯ ಮೇಲೆ ತುಂಡು ಚಾಚಿಕೊಂಡಿರುವ ಅಂಚನ್ನು ನೋಡುತ್ತ, ಬಾಣದ ಕೀಲಿಯಿಂದ ಒಂದೊಂದೇ ಪಿಕ್ಸೆಲ್ ಜರುಗಿಸುತ್ತ ಹೋಗಬೇಕು. ಸಾಲು ತಪ್ಪಿರುವಾಗ ಅಂಚಿನಲ್ಲಿ ಚುಕ್ಕಿಗಳ ಸಂತೆ ನೆರೆದಿರುತ್ತದೆ, ಗುಳಿಯ ಮೇಲೆ ಗುಳಿ ಕೂತ ಕ್ಷಣ ಅದು ಹೆಚ್ಚುಕಡಿಮೆ ಕಪ್ಪಾಗುತ್ತದೆ. 8 ಪಿಕ್ಸೆಲಿನ ಗುಳಿಯಾದ್ದರಿಂದ ಪ್ರತಿ ದಿಕ್ಕಿಗೆ ಹೆಚ್ಚೆಂದರೆ ನಾಲ್ಕು ಹೆಜ್ಜೆಯ ಹುಡುಕಾಟ. ಇಲ್ಲಿ ಎಡ ಅಂಚು ಕಪ್ಪಾದರೂ ಬಲ ಅಂಚು ಆಗಲಿಲ್ಲ, ಏಕೆಂದರೆ ಎದೆಯ ತಿರುವಿಗೆ ಸಾಲುಗಳು ಅಲ್ಲಿ ಸ್ವಲ್ಪ ಓರೆಯಾಗಿದ್ದವು. ತುಂಡಿಗೆ Warp ಕೊಟ್ಟು ಬಲಗಡೆಯ ಎರಡು ಮೂಲೆಗಳನ್ನು ಐದಾರು ಪಿಕ್ಸೆಲ್ ಎಳೆದ ಮೇಲೆ ಎರಡೂ ಕೂಡಿಕೊಂಡವು.

ಆಮೇಲೆ ಅಂಚು. ಮೃದುವಾದ ಮಾಸ್ಕಿನಿಂದ ಬೆಸುಗೆ ಮರೆಯಾಗುತ್ತದೆ ಎಂಬುದು ಚರ್ಮಕ್ಕೆ ಸರಿ, ಹೆಣಿಗೆಗೆ ಸರಿಯಲ್ಲ. ಸರಿಯಾಗಿ ಕೂಡದ ಎರಡು ಹೆಣಿಗೆಗಳು ಅರ್ಧರ್ಧ ಬೆರೆತ ಜಾಗದಲ್ಲಿ ಗುಳಿಗಳ ಏರಿಳಿತ ಸುಮಾರು ಶೇಕಡ 70ಕ್ಕೆ ಇಳಿಯುತ್ತದೆ. 20 ಪಿಕ್ಸೆಲ್ ಮೃದು ಅಂಚು ಎಂದರೆ ತುಂಡಿನ ಸುತ್ತ 20 ಪಿಕ್ಸೆಲ್ ಅಗಲದ ಸವೆದ ಪಟ್ಟಿ. ಹೀಗಾಗಿ ಮಾಸ್ಕನ್ನು 1ರಿಂದ 2 ಪಿಕ್ಸೆಲ್ ಮೃದುತನದ ಚಿಕ್ಕ ಬ್ರಷ್ಷಿನಿಂದ ಬರೆದರು. ನೇರ ಗೆರೆ ಎಳೆಯದೆ, ಗುಳಿಗಳ ನಡುವಿನ ದಾರಿಯಲ್ಲೇ ಹಾವಿನಂತೆ ಹೊರಳುತ್ತ ಹೋದರು. ದರ್ಜಿ ತೇಪೆ ಹಾಕುವಾಗ ಬಟ್ಟೆಯ ಎಳೆಯ ಜೊತೆಗೇ ಸೂಜಿ ಓಡಿಸುವ ಹಾಗೆ.

ಮಡಿಕೆಯ ಮೇಲೆ ಈ ತುಂಡು ಹೊಂದಲಿಲ್ಲ. ಬಟ್ಟೆ ಅಲ್ಲಿ ನಮ್ಮಿಂದ ಆಚೆಗೆ ತಿರುಗಿರುವುದರಿಂದ ಗುಳಿಗಳು ಅಡ್ಡಕ್ಕೆ 5 ಪಿಕ್ಸೆಲಿಗೆ ಕುಗ್ಗಿರುತ್ತವೆ. ಸಪಾಟು ಬಟ್ಟೆಯ ಗುಳಿಗಳನ್ನು ಅಲ್ಲಿ ಹಾಕಿದರೆ ಮಡಿಕೆ ಬಣ್ಣ ಬಳಿದ ಗೆರೆಯಂತಾಗುತ್ತದೆ. ಅದೇ ಮಡಿಕೆ ಲೋಗೊದ ಕೆಳಗೆ 90 ಪಿಕ್ಸೆಲ್ ಉದ್ದಕ್ಕೆ ಚೆನ್ನಾಗಿ ಕಾಣುತ್ತಿತ್ತು. ಆ ತುಣುಕನ್ನೇ ಒಂದರ ಮೇಲೊಂದರಂತೆ ಜೋಡಿಸಿ ಮೇಲಿನವರೆಗೆ ತಂದರು. ಒಂದೇ ತುಣುಕನ್ನು ಮತ್ತೆ ಮತ್ತೆ ಬಳಸಿದಾಗ ಗುಳಿಗಳು ಸಿಕ್ಕಿಹಾಕಿಸುವುದಿಲ್ಲ, ಅವು ಹೇಗೂ ಒಂದರಂತೆ ಒಂದಿರುತ್ತವೆ. ಸಿಕ್ಕಿಹಾಕಿಸುವುದು ಬಟ್ಟೆಯ ಮೇಲಿನ ನೂಲಿನ ಜುಂಗು. ಇಲ್ಲಿ ಅಂಥ ಒಂದು ಬಿಳಿ ಜುಂಗು ಮೂರು ಕಡೆ ಸರಿಸಮನಾದ ಅಂತರದಲ್ಲಿ ಬಂದಿತ್ತು. ಎರಡನ್ನು ತೆಗೆದು ಒಂದನ್ನು ಬಿಟ್ಟರು.

ಇಷ್ಟಾದ ಮೇಲೂ ನೆರಳಿನ ಬದಿಯಲ್ಲಿ ತುಂಡು ಒರಟಾಗಿ ಕಾಣುತ್ತಿತ್ತು. ಬೆಳಕು ಕಡಿಮೆಯಾದಂತೆ ಗುಳಿಗಳ ಏರಿಳಿತವೂ ಕಡಿಮೆಯಾಗಬೇಕು, ಆದರೆ ಬೇರ್ಪಡಿಸಿದ ಲೇಯರಿನಲ್ಲಿ ಅದು ತಾನು ಹುಟ್ಟಿದ ಜಾಗದ ಬಲದಲ್ಲೇ ಇರುತ್ತದೆ. ತುಂಡಿನ ಮಾಸ್ಕನ್ನು ನೆರಳಿನ ಕಡೆಗೆ ತೆಳು ಮಾಡಿದರೆ ಅಡಿಯ ಒರಟು ತುಂಬಿಕೆ ಇಣುಕುತ್ತದೆ. ಅದರ ಬದಲು ತುಂಡಿಗೇ ಅಂಟಿಸಿದ Curves ಲೇಯರಿನಿಂದ ಅದನ್ನು 128ರ ಬೂದಿನ ಕಡೆಗೆ ಕೊಂಚ ಚಪ್ಪಟೆ ಮಾಡಿ, ಆ Curves ಲೇಯರಿಗೆ ಎಡದಿಂದ ಬಲಕ್ಕೆ ಇಳಿಜಾರಿನ ಮಾಸ್ಕ್ ಹಾಕಿದರು. ಏರಿಳಿತವನ್ನು ಶೇಕಡ 80ಕ್ಕೆ ಇಳಿಸಿದಾಗ ಹೊಂದಿಕೊಂಡಿತು.

ಪರೀಕ್ಷಾ ಲೇಯರ್ ಈಗ ಏನನ್ನೂ ತೋರಿಸಲಿಲ್ಲ. 2000 ಪಿಕ್ಸೆಲಿನ ಪ್ರತಿ ಮುದ್ರಣದಲ್ಲಿ ಚೆನ್ನಾಗಿ ಬಂತು. ಜಾಲತಾಣದ ಪ್ರತಿಯಲ್ಲಿ ಮಾತ್ರ ಅಂಗಿಯ ತುಂಬ ಅಲೆ ಅಲೆಯಾದ ಪಟ್ಟೆಗಳು ಎದ್ದವು, ತಿದ್ದಿದ ಜಾಗದಲ್ಲಿ ಆ ಅಲೆ ಸ್ವಲ್ಪ ಮುರಿದಿತ್ತು. 6000ದಿಂದ 900ಕ್ಕೆ ಇಳಿದಾಗ 8 ಪಿಕ್ಸೆಲಿನ ಗುಳಿ 1.2 ಪಿಕ್ಸೆಲ್ ಆಗುತ್ತದೆ. ಒಂದು ಗುಳಿಗೆ ಎರಡು ಪಿಕ್ಸೆಲಾದರೂ ಇಲ್ಲದಿದ್ದರೆ ಅದನ್ನು ತೋರಿಸಲು ಆಗುವುದಿಲ್ಲ, ಅದರ ಬದಲು ಇಲ್ಲದ ಪಟ್ಟೆ ಹುಟ್ಟುತ್ತದೆ. ಕುಗ್ಗಿಸುವಾಗ Bicubic Sharper ಬಳಸಿದ್ದರಿಂದ ಅದು ಇನ್ನೂ ಹೆಚ್ಚಾಗಿತ್ತು. ಜಾಲತಾಣದ ಪ್ರತಿಗಾಗಿ ಅಂಗಿಗೆ ಮಾತ್ರ ಮೊದಲೇ 3 ಪಿಕ್ಸೆಲ್ ಮಸುಕು ಕೊಟ್ಟು, ಆಮೇಲೆ ಮಾಮೂಲಿ Bicubic ಬಳಸಿ ಕುಗ್ಗಿಸಿದಾಗ ಪಟ್ಟೆಗಳು ಹೋದವು. ಮಸುಕನ್ನು ಇಡೀ ಅಂಗಿಗೆ ಕೊಡಬೇಕು. ತಿದ್ದಿದ ಜಾಗಕ್ಕಷ್ಟೇ ಕೊಟ್ಟರೆ ಮತ್ತೆ ಆಯತ ಮೂಡುತ್ತದೆ.

ಎದೆ ಸರಿಯಾದ ಮೇಲೆ ಅಂಗಿಯ ಉಳಿದ ಭಾಗವನ್ನು ಅಂಗುಲ ಅಂಗುಲವಾಗಿ ನೋಡಲಾಯಿತು, ಈ ಹಂತವನ್ನು ಬಿಡಲೇಬಾರದು. ತೋಳಿನ ಅಂಚಿನಲ್ಲಿ ಅರ್ಧ ಮಡಿಸಿಹೋದ ಇನ್ನೊಂದು ಚಿಕ್ಕ ಲೋಗೊ ಸಿಕ್ಕಿತು. ಅದಕ್ಕಿಂತ ದೊಡ್ಡದು ಕಾಲರಿನ ಎರಡು ಕಿತ್ತಳೆ ಗೆರೆ. ಅದು ಆ ಸಂಸ್ಥೆಯ ಎಲ್ಲ ಸಮವಸ್ತ್ರದಲ್ಲೂ ಇರುವಂಥದ್ದು ಎಂದು ಆ ಮಹಿಳೆಯೇ ಹೇಳಿದರು. ಅಕ್ಷರಗಳನ್ನು ಅಷ್ಟು ಜತನದಿಂದ ತೆಗೆದು ಗೆರೆಗಳನ್ನು ಬಿಟ್ಟಿದ್ದರೆ ಗುಟ್ಟು ಅಲ್ಲೇ ರಟ್ಟಾಗುತ್ತಿತ್ತು. ಕಾಲರ್ ಉಳಿಯಲಿ ಗೆರೆಯ ಬಣ್ಣ ಹೋಗಲಿ ಎಂದು ತೀರ್ಮಾನಿಸಿ, ಕೆಳಗಿನ ಲೇಯರಿನಲ್ಲಿ ಮಾತ್ರ ಕಿತ್ತಳೆಯನ್ನು ಅಂಗಿಯ ನೀಲಿಗೆ ತಿರುಗಿಸಿದರು. ಗೆರೆಗಳು ಬೇರೆ ಬಣ್ಣದ ನೂಲಿನಿಂದ ಹೆಣೆದವು, ಮೇಲೆ ಹೊಲಿದವಲ್ಲ, ಆದ್ದರಿಂದ ಅಲ್ಲಿನ ಹೆಣಿಗೆಯನ್ನು ಮುಟ್ಟುವ ಅಗತ್ಯ ಬರಲಿಲ್ಲ. ಮೇಲಿನ ಲೇಯರಿನಲ್ಲಿ ಗೆರೆಯ ಅಂಚಿಗೆ ಉಳಿದಿದ್ದ ತೆಳು ಬಣ್ಣವನ್ನು ಬಣ್ಣಗುಂದಿಸಿ ಮುಗಿಸಿದರು.

ಕೊನೆಯದು ಕಡತ. ಜೆಪೆಗ್ ಒಳಗೆ ತಿದ್ದುವ ಮುಂಚಿನ ಚಿತ್ರದ ಪುಟ್ಟ ಪ್ರತಿ ಉಳಿದಿರಬಹುದು, ಶೀರ್ಷಿಕೆಯಲ್ಲಿ ಸಂಸ್ಥೆಯ ಹೆಸರಿರಬಹುದು. ಇಲ್ಲಿ ಶೀರ್ಷಿಕೆಯಲ್ಲಿ ಹೆಸರಿತ್ತು, ಕಡತದ ಹೆಸರಲ್ಲೂ ಇತ್ತು. ಮೊದಲು ಪುಟ್ಟ ಪ್ರತಿಯನ್ನು ಹೊರತೆಗೆದು ನೋಡಿ, ಆಮೇಲೆ ಬಣ್ಣದ ಪ್ರೊಫೈಲ್ ಬಿಟ್ಟು ಉಳಿದ ಮಾಹಿತಿಯನ್ನೆಲ್ಲ ಅಳಿಸಲಾಯಿತು:

```
exiftool -b -ThumbnailImage out.jpg > thumb.jpg
exiftool -all= --icc_profile:all out.jpg
```

ಎರಡನೆಯ ಆಜ್ಞೆ ಹಳೆಯ ಕಡತವನ್ನು `out.jpg_original` ಎಂಬ ಹೆಸರಿನಲ್ಲಿ ಪಕ್ಕದಲ್ಲೇ ಉಳಿಸುತ್ತದೆ, ಇಡೀ ಫೋಲ್ಡರ್ ಕಳಿಸುವ ಅಭ್ಯಾಸವಿದ್ದವರು ಅದನ್ನೂ ಕಳಿಸಿಬಿಡುತ್ತಾರೆ. ಲೇಯರುಗಳಿರುವ ಕಡತದಲ್ಲಂತೂ ಮೂಲ ಚಿತ್ರ ಅಡಿಯಲ್ಲಿ ಹಾಗೆಯೇ ಕೂತಿರುತ್ತದೆ. ಮುದ್ರಣದವರು ಲೇಯರಿನ ಕಡತವನ್ನೇ ಕೇಳಿದ್ದರು. ಅವರಿಗೆ ಒಂದೇ ಪದರಕ್ಕೆ ಇಳಿಸಿದ ಟಿಫ್ ಪ್ರತಿ ಕೊಡಲಾಯಿತು. ಮೂಲ ಚಿತ್ರವೂ ಲೇಯರಿನ ಕಡತವೂ ಸಂಪಾದಕಿಯ ಬಳಿ ಮಾತ್ರ ಉಳಿದವು. ಕೈಪಿಡಿ ಅಚ್ಚಾದ ಮೇಲೆ, ಆ ಮಹಿಳೆ ಕೇಳಿಕೊಂಡಂತೆ, ಅವನ್ನೂ ಅಳಿಸಲಾಯಿತು.